ಹಳ್ಳಿಕಾರ್ ಹಸು ಮತ್ತು ಜತೆ ಎತ್ತು, 9 ವರ್ಷ ಸಾಕಿದ ಮೇಲೆ: ಕರು ಬಿಡದೆ ಹನಿ ಹಾಲೂ ಇಲ್ಲ

ಮೊದಲು ನನಗೆ ಸಿಟ್ಟು ತರಿಸಿದ ವಿಷಯವನ್ನೇ ಹೇಳಿಬಿಡುತ್ತೇನೆ. ಈ ಹಸು ಕರು ಬಾಯಿ ಹಾಕದೆ ಹಾಲು ಇಳಿಸುವುದಿಲ್ಲ. ಕೆಚ್ಚಲು ತೊಳೆದರೂ ಇಲ್ಲ, ಬೂಸಾ ಇಟ್ಟರೂ ಇಲ್ಲ. ಕರುವಿನ ಬೆಲೆ ಗೊತ್ತಿಲ್ಲದೆ ಒಂದು ಕರುವನ್ನು ಕಳೆದುಕೊಂಡೆ, ಅದರ ಹಿಂದೆಯೇ ಆ ಸೂಲಿನ ಹಾಲನ್ನೂ ಕಳೆದುಕೊಂಡೆ.

ನಮ್ಮದು ಶಿರಾ ಕಡೆ ನಾಲ್ಕು ಎಕರೆ ಖುಷ್ಕಿ. ಬೋರ್ ಇದೆ, ಕುಡಿಯುವುದಕ್ಕೆ ಮತ್ತು ದನಗಳಿಗೆ ಸಾಕು, ಹಸಿ ಮೇವು ಬೆಳೆಯುವಷ್ಟು ನೀರಿಲ್ಲ. ಎರಡು ಎಕರೆ ರಾಗಿ, ಉಳಿದದ್ದು ಶೇಂಗಾ. ಮೊದಲು ಒಂದು ಸೀಮೆಹಸು ಇತ್ತು. ದಿನಕ್ಕೆ ಹತ್ತು ಲೀಟರ್ ಕೊಡುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅಷ್ಟು ಹಾಲಿಗೆ ದಿನಕ್ಕೆ ಐದು ಕೆಜಿ ಹಿಂಡಿ, ಬೂಸಾ, ಮೇಲೆ ಹಸಿ ಹುಲ್ಲು ಬೇಕು. ಹುಲ್ಲನ್ನೂ ದುಡ್ಡು ಕೊಟ್ಟೇ ತರಬೇಕಾಗಿತ್ತು. ಏಪ್ರಿಲ್ ಬಂದರೆ ಮಧ್ಯಾಹ್ನವೆಲ್ಲ ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು, ಮೇವು ಮುಟ್ಟುತ್ತಿರಲಿಲ್ಲ. ಎರಡು ಸಲ ಕೆಚ್ಚಲು ಬಾವು ಬಂತು. ಡೇರಿಯ ದುಡ್ಡು ಬಂದ ದಿನವೇ ಹಿಂಡಿ ಅಂಗಡಿಗೆ ಹೋಗುತ್ತಿತ್ತು. ಕೊನೆಗೆ ಅದನ್ನು ನೀರಾವರಿ ಇರುವವರಿಗೆ ಮಾರಿ, 2016ರ ಶಿವರಾತ್ರಿ ಸಮಯಕ್ಕೆ ಸಿದ್ಧಗಂಗೆ ದನಗಳ ಜಾತ್ರೆಗೆ ಹೋಗಿ ಒಂದು ಹಳ್ಳಿಕಾರ್ ಹಸು ತಂದೆವು. ಕಾಲಡಿಯಲ್ಲಿ ಮೂರು ತಿಂಗಳ ಹೋರಿಗರು ಇತ್ತು.

ಬೂದು ಮೈ, ಹಿಂದಕ್ಕೆ ಬಾಗಿದ ಕೋಡು, ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ, ಬಿಡುತ್ತೇನೆ. ಹಾಲಿನ ವಿಷಯಕ್ಕೆ ಬರೋಣ. ಚೆನ್ನಾಗಿ ಕೊಡುವಾಗ ಎರಡು ಹೊತ್ತು ಸೇರಿ ಎರಡರಿಂದ ಎರಡೂವರೆ ಲೀಟರ್. ಅದರಲ್ಲಿ ಕರುವಿನ ಪಾಲು ತೆಗೆದರೆ ನಮಗೆ ಒಂದೂವರೆ. ಏಳೆಂಟು ತಿಂಗಳು ಕರೆದ ಮೇಲೆ ಬತ್ತಿಸಿಬಿಡುತ್ತದೆ. ಹಾಲು ಗಟ್ಟಿ, ಮೊಸರು ಕಲ್ಲಿನ ಹಾಗೆ ಕೂರುತ್ತದೆ, ಬೆಣ್ಣೆ ಬೇಗ ಬರುತ್ತದೆ. ನಾಲ್ಕು ಜನರ ಮನೆಗೆ ಮಜ್ಜಿಗೆ, ತುಪ್ಪ ಆಗುತ್ತದೆ, ಅಷ್ಟೇ. ಎ2 ಹಾಲು ಅಂತ ಜಾಸ್ತಿ ಬೆಲೆಗೆ ಮಾರುವ ಲೆಕ್ಕ ಹಾಕಿಕೊಂಡು ಯಾರೂ ಹಳ್ಳಿಕಾರ್ ತರಬೇಡಿ. ಮಾರುವಷ್ಟು ಹಾಲು ಇದರಲ್ಲಿ ಇಲ್ಲ.

ನನ್ನ ತಪ್ಪು ನಡೆದದ್ದು 2017ರಲ್ಲಿ, ನಮ್ಮ ಮನೆಗೆ ಬಂದ ಮೇಲೆ ಹಾಕಿದ ಮೊದಲ ಕರುವಿನಲ್ಲಿ. ಸೀಮೆಹಸುವಿನ ಅಭ್ಯಾಸ ನನಗೆ. ಕರುವನ್ನು ಒಂದು ನಿಮಿಷ ಬಿಟ್ಟು, ತೊರೆ ಬಿಟ್ಟ ಕೂಡಲೇ ಎಳೆದು ಕಟ್ಟಿ, ನಾಲ್ಕೂ ಮೊಲೆ ಕರೆದುಬಿಡುತ್ತಿದ್ದೆ. ಹತ್ತು ಲೀಟರ್ ಹಸುವಿನಲ್ಲಿ ಕರೆದ ಮೇಲೂ ಕರುವಿಗೆ ಉಳಿಯುತ್ತದೆ. ಎರಡು ಲೀಟರ್ ಹಸುವಿನಲ್ಲಿ ಏನು ಉಳಿಯುತ್ತದೆ ಹೇಳಿ? ಕರು ಸೊರಗಿತು. ಜೊತೆಗೆ ಜಂತುಹುಳದ ಔಷಧಿಯನ್ನೂ ಹಾಕಿಸಿರಲಿಲ್ಲ. ಹೊಟ್ಟೆ ಉಬ್ಬಿ, ಮೈ ಕೂದಲು ಒರಟಾಗಿ, ಬಿಳಿ ಮಣ್ಣಿನ ಬಣ್ಣದ ಭೇದಿ ಶುರುವಾಯಿತು. ಡಾಕ್ಟರ್ ಬರುವ ಹೊತ್ತಿಗೆ ತಲೆ ಎತ್ತುತ್ತಿರಲಿಲ್ಲ. 24ನೇ ದಿನ ಹೋಯಿತು.

ಮಾರನೇ ದಿನ ಕೆಚ್ಚಲು ತುಂಬಿತ್ತು, ಆದರೆ ಕೈಗೆ ಬಂದದ್ದು ಒಂದು ಲೋಟ. ಹಸು ಕೊಟ್ಟಿಗೆ ಬಾಗಿಲ ಕಡೆ ನೋಡಿಕೊಂಡು ಕೂಗುತ್ತಿತ್ತು. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ಇಡಿ ಅಂತ ಒಬ್ಬರು ಹೇಳಿದರು, ನನಗೆ ಮನಸ್ಸಾಗಲಿಲ್ಲ. ಹಾಲು ಇಳಿಸುವ ಇಂಜೆಕ್ಷನ್ ಇದೆ ಅಂತ ಇನ್ನೊಬ್ಬರು ಹೇಳಿದರು. ಕಾನೂನು ಪ್ರಕಾರವೂ ಅದು ತಪ್ಪು, ಅಭ್ಯಾಸವಾದರೆ ಇಂಜೆಕ್ಷನ್ ಇಲ್ಲದೆ ಕರೆಯಲಾಗುವುದಿಲ್ಲ, ಬೇಡ ಅಂದೆ. ಹತ್ತು ದಿನದಲ್ಲಿ ಹಾಲು ಪೂರ್ತಿ ನಿಂತಿತು. ನಮ್ಮ ಅತ್ತೆ ಬೈಯಲಿಲ್ಲ. "ಕರುನ ಬಿಟ್ಟು ಹಾಲು ಲೆಕ್ಕ ಹಾಕ್ಬಾರ್ದು ಕಣಮ್ಮ, ಅದರ ಹಾಲು ಅದರ ಕರೂಗೆ, ಮಿಕ್ಕಿದ್ದು ನಮಗೆ" ಅಂದರು. ಈ ಹಸುವಿನ ಕರು ಅಂದರೆ ಮುಂದಿನ ಎತ್ತು, ಹಾಲಿಗಿಂತ ಬೆಲೆ ಅದಕ್ಕೇ ಅಂತ ನನಗೆ ಆಗ ಅರ್ಥವಾಯಿತು.

ಆಮೇಲಿನಿಂದ ನನ್ನ ಕ್ರಮ ಹೀಗೆ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸುತ್ತೇನೆ, ಹೊಕ್ಕುಳಿಗೆ ಅಯೋಡಿನ್ ಹಚ್ಚುತ್ತೇನೆ. ಮೊದಲ ತಿಂಗಳು ಎರಡು ಮೊಲೆ ಕರುವಿಗೇ ಮೀಸಲು. ಎರಡನೇ ತಿಂಗಳಿಂದ ಒಂದು ಮೊಲೆ. ಹತ್ತನೇ ದಿನದಿಂದ ಹದಿನೈದನೇ ದಿನದೊಳಗೆ ಜಂತುಹುಳದ ಔಷಧಿ, ಪ್ರಮಾಣವನ್ನು ಡಾಕ್ಟರನ್ನೇ ಕೇಳುತ್ತೇನೆ. ಬೆಳಿಗ್ಗೆ ಐದೂವರೆಗೆ ಕರು ಬಿಚ್ಚಿದರೆ ಅದು ಓಡಿ ಬಂದು ಕೆಚ್ಚಲಿಗೆ ತಲೆಯಿಂದ ಗುದ್ದುತ್ತದೆ. ನಾಲ್ಕು ಗುಕ್ಕು ಕುಡಿದ ಮೇಲೆ ಬಾಯಿ ಅಂಚಿನಲ್ಲಿ ನೊರೆ ಕಾಣುತ್ತದೆ, ಹಸು ಮೈ ಸಡಿಲ ಬಿಡುತ್ತದೆ. ಆಗ ಕರುವನ್ನು ಅಮ್ಮನ ಮುಂಗಾಲ ಹತ್ತಿರ ಕಟ್ಟಬೇಕು, ದೂರ ಕಟ್ಟಿದರೆ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದು ಕರುವಿನ ಬೆನ್ನು ನೆಕ್ಕುತ್ತಾ ನಿಂತಿರುವಾಗ ನಾನು ಕರೆಯುತ್ತೇನೆ. ಐದು ನಿಮಿಷದ ಕೆಲಸ. ಮೊದಲು ಇದೇ ಕಿರಿಕಿರಿ ಅನಿಸುತ್ತಿತ್ತು, ಈಗ ಇಡೀ ದಿನದಲ್ಲಿ ನನಗೆ ಇಷ್ಟವಾದ ಹೊತ್ತು ಅದೇ.

ಈಗ ಎತ್ತಿನ ಕಥೆ. ಜಾತ್ರೆಯಿಂದ ಬಂದ ಆ ಹೋರಿಗರು 2018ರಲ್ಲಿ ಎರಡು ಹಲ್ಲಿಗೆ, ಅಂದರೆ ಸುಮಾರು ಎರಡೂವರೆ ವರ್ಷಕ್ಕೆ ಬಂತು. ಅದೇ ಎತ್ತರ, ಅದೇ ನಡಿಗೆಯ ಇನ್ನೊಂದನ್ನು ಹುಡುಕಿ ಜತೆ ಮಾಡಿದೆವು. ನಡಿಗೆ ಹೊಂದಬೇಕು, ಇಲ್ಲದಿದ್ದರೆ ನೊಗ ಒಂದು ಕಡೆಗೆ ಎಳೆದು ನಿಧಾನದ ಎತ್ತಿನ ಕತ್ತು ಹುಣ್ಣಾಗುತ್ತದೆ. ಮೊದಲು ಬರೀ ನೊಗ ಹಾಕಿ ನಡೆಸಿದ್ದು, ಆಮೇಲೆ ಒಂದು ಮರದ ಕೊರಡು ಎಳೆಸಿದ್ದು, ನಾಲ್ಕು ಹಲ್ಲು ಆಗುವವರೆಗೆ ನೇಗಿಲಿಗೆ ಹೂಡಲಿಲ್ಲ. ಎಳೆಯದರಲ್ಲೇ ಭಾರ ಹಾಕಿದರೆ ಕಾಲು ಕೆಡುತ್ತದೆ.

ಉಳುಮೆಗೆ ಟ್ರ್ಯಾಕ್ಟರ್ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಒಣಗಿ ಗಟ್ಟಿಯಾದ ನೆಲಕ್ಕೆ ನಾವೂ ಟ್ರ್ಯಾಕ್ಟರನ್ನೇ ಕರೆಯುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ಎತ್ತಿನ ಬೆಲೆ ಗೊತ್ತಾಗುವುದು ಬಿತ್ತನೆ ಮತ್ತು ಎಡೆ ಹೊಡೆಯುವುದರಲ್ಲಿ. ನಮ್ಮ ಕೆಂಪು ಮಣ್ಣಿನಲ್ಲಿ ಮಳೆ ಬಂದ ಮೇಲೆ ಹದ ಇರುವುದು ಎರಡು ಮೂರು ದಿನ. ಆ ಎರಡು ದಿನ ಊರಿನ ಎಲ್ಲರಿಗೂ ಒಂದೇ ಟ್ರ್ಯಾಕ್ಟರ್ ಬೇಕು. ನಮ್ಮ ಯಜಮಾನರು ಬೆಳಗಿನ ಜಾವ ಕೂರಿಗೆ ಕಟ್ಟಿಕೊಂಡು ಹೊರಡುತ್ತಾರೆ, ಯಾರನ್ನೂ ಕಾಯುವುದಿಲ್ಲ. ರಾಗಿ ಹುಟ್ಟಿ 20-25 ದಿನಕ್ಕೆ ಎಡೆಕುಂಟೆ. ಸಾಲಿನ ನಡುವೆ ಒಂದು ಅಡಿ ಜಾಗ. ಬಾಯಿಗೆ ಕುಕ್ಕೆ ಕಟ್ಟಿದ ಎರಡು ಎತ್ತು ಪೈರು ತುಳಿಯದೆ, ಸಾಲಿನ ತುದಿಗೆ ಹೋಗಿ ಮಾತಿಗೆ ತಿರುಗುವುದನ್ನು ನೋಡಬೇಕು. ಕಳೆ ಕೀಳುತ್ತದೆ, ಮೇಲಿನ ಹೆಪ್ಪು ಒಡೆಯುತ್ತದೆ, ಒಳಗಿನ ತೇವ ಬೇಗ ಆರುವುದಿಲ್ಲ. ಹತ್ತು ದಿನ ಬಿಟ್ಟು ಇನ್ನೊಂದು ಸಲ. ಇದರಿಂದ ಕಳೆ ಕೀಳುವ ಕೂಲಿ ಅರ್ಧ ಉಳಿಯುತ್ತದೆ. ಹಳ್ಳಿಕಾರ್ ಚುರುಕು ನಡಿಗೆಯ ತಳಿ, ಬೆಳಿಗ್ಗೆ ಆರಕ್ಕೆ ಹೂಡಿದರೆ ಬಿಸಿಲೇರುವ ಹೊತ್ತಿಗೆ ಒಂದು ಎಕರೆ ಎಡೆ ಮುಗಿಸುತ್ತದೆ. ಆದರೆ ಗದರಿದರೆ, ಹೊಡೆದರೆ ಬೆದರುತ್ತದೆ. ಕೋಪಿಷ್ಠರಿಗೆ ಇದು ಆಗದು.

ಮೇವಿನ ಲೆಕ್ಕ. ಎತ್ತಿಗೆ ದಿನಕ್ಕೆ ಏಳೆಂಟು ಕೆಜಿ ಒಣ ರಾಗಿ ಹುಲ್ಲು, ಹಸುವಿಗೆ ಐದು. ಮೂರಕ್ಕೂ ಸೇರಿ 20 ಕೆಜಿ. ಬೇಸಿಗೆಯ ನಾಲ್ಕು ತಿಂಗಳಿಗೆ 2400 ಕೆಜಿ, ಸರಿಯಾದ ವರ್ಷದಲ್ಲಿ ಎರಡು ಎಕರೆ ರಾಗಿಯ ಹುಲ್ಲು ಅದನ್ನು ತೂಗಿಸುತ್ತದೆ. ಉಳಿದ ತಿಂಗಳು ಬದುವಿನ ಹುಲ್ಲು, ಶೇಂಗಾ ಬಳ್ಳಿ, ಅವರೆ ಹೊಟ್ಟು. ಹೂಡುವ ದಿನ ಎತ್ತಿಗೆ ಒಂದೊಂದು ಕೆಜಿ ಹಿಂಡಿ, ಕರೆಯುವ ಹಸುವಿಗೆ ಕಲಗಚ್ಚಿನ ಜೊತೆ ಒಂದಿಷ್ಟು ಬೂಸಾ. ಇಷ್ಟರಲ್ಲೇ ಹೇಗೆ ನಡೆಯುತ್ತದೆ ಅಂದರೆ, ಒಂದು, ಮೈ ಚಿಕ್ಕದು. ಇನ್ನೊಂದನ್ನು ಡಾಕ್ಟರ್ ವಿವರಿಸಿದರು. ಒಣ ಹುಲ್ಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ನಾಟಿ ದನ ಮೂತ್ರದಲ್ಲಿ ಹೋಗಬೇಕಾದ ಯೂರಿಯಾದ ಒಂದು ಪಾಲನ್ನು ಜೊಲ್ಲು, ರಕ್ತದ ಮೂಲಕ ಮತ್ತೆ ಹೊಟ್ಟೆಗೆ ಕಳಿಸಿಕೊಳ್ಳುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಮಾಡುತ್ತವೆ. ಎಲ್ಲ ದನಗಳೂ ಇದನ್ನು ಮಾಡುತ್ತವಂತೆ, ನಾಟಿ ತಳಿ ಜಾಸ್ತಿ ಚೆನ್ನಾಗಿ ಮಾಡುತ್ತದೆ. ಹಾಲು ಕಡಿಮೆ ಇರುವುದರಿಂದ ಮೈಯೊಳಗೆ ಹುಟ್ಟುವ ಶಾಖವೂ ಕಡಿಮೆ, ಅದಕ್ಕೇ ಬಿಸಿಲು ತಡೆಯುತ್ತದೆ. ಅಂದರೆ ನಾನು ಯಾವುದನ್ನು ದೋಷ ಅಂದೆನೋ, ಬರ ತಡೆಯುವ ಶಕ್ತಿಯೂ ಅದಕ್ಕೇ ಅಂಟಿಕೊಂಡಿದೆ.

2023ರ ಬರದಲ್ಲಿ ಅದು ಕಣ್ಣಿಗೆ ಕಂಡಿತು. ರಾಗಿ ತೆನೆ ಕಟ್ಟಲಿಲ್ಲ, ಹುಲ್ಲು ಅರ್ಧವೂ ಬರಲಿಲ್ಲ. ಹಿಂದಿನ ವರ್ಷದ ಬಣವೆ ಉಳಿಸಿಕೊಂಡಿದ್ದು ಕಾಪಾಡಿತು. ಹಸುವಿನ ಪಕ್ಕೆ ಎಣಿಸಬಹುದಿತ್ತು, ಹಾಲು ಅರ್ಧ ಲೀಟರಿಗೆ ಇಳಿಯಿತು, ಬೆದೆಗೆ ಬರುವುದೂ ನಿಂತಿತು. ಆದರೆ ಮಲಗಲಿಲ್ಲ, ಮೇವು ಬಿಡಲಿಲ್ಲ. 2024ರಲ್ಲಿ ಮಳೆಯಾಗಿ ಹಸಿರು ಕಂಡ ಎರಡು ತಿಂಗಳಿಗೆ ಮತ್ತೆ ಬೆದೆಗೆ ಬಂತು. ಪಕ್ಕದ ಹೊಲದವರು ಎರಡು ಸೀಮೆಹಸುಗಳನ್ನು ಅರ್ಧ ಬೆಲೆಗೆ ಮಾರಿದ್ದರು.

ಕೊಳ್ಳುವವರಿಗೆ ಇನ್ನೊಂದು ಮಾತು. ಕರು ಹಾಕುವುದು ತಡ, ನಮ್ಮಲ್ಲಿ ಹುಟ್ಟಿದ ಕಡಸು ಮೊದಲ ಕರು ಹಾಕಿದ್ದು ನಾಲ್ಕು ವರ್ಷದ ಹತ್ತಿರ. ಎರಡು ಕರುವಿನ ನಡುವೆ ಒಂದೂವರೆ ವರ್ಷಕ್ಕಿಂತ ಜಾಸ್ತಿ. ಬೆದೆಯೂ ಜೋರಾಗಿ ಕಾಣುವುದಿಲ್ಲ, ರಾತ್ರಿ ಬಂದು ಬೆಳಿಗ್ಗೆಗೆ ಮುಗಿದಿರುತ್ತದೆ. ಬಾಲದ ಹತ್ತಿರ ಲೋಳೆ ಅಂಟಿದೆಯಾ ಅಂತ ಬೆಳಿಗ್ಗೆ ನೋಡುವ ರೂಢಿ ಮಾಡಿಕೊಳ್ಳಿ. ಗಬ್ಬಕ್ಕೆ ಸೂಜಿ ಹಾಕಿಸುವಾಗ ಹಳ್ಳಿಕಾರ್ ಅಂತ ಹೆಸರು ಹೇಳಿ ಕೇಳಿ, ವೀರ್ಯದ ಕಡ್ಡಿಯ ಮೇಲೆ ಬರೆದಿರುವುದನ್ನೂ ಓದಿ. ನಮಗೆ ಒಮ್ಮೆ ಸುಮ್ನೆ ಇದ್ದದ್ದಕ್ಕೆ ಜರ್ಸಿ ಹಾಕಿ ಹೋದರು. ಹುಟ್ಟಿದ್ದು ಹೋರಿ. ಬೆನ್ನ ಮೇಲೆ ಡುಬ್ಬ ಸರಿಯಾಗಿ ಬರಲಿಲ್ಲ, ನೊಗ ಕೂರಲಿಲ್ಲ, ಹತ್ತು ಗಂಟೆ ಬಿಸಿಲಿಗೇ ನೊರೆ ಸುರಿಸುತ್ತಾ ನಿಂತುಬಿಡುತ್ತಿತ್ತು.

ಹಸಿ ಮೇವಿಗೆ ನೀರಿದ್ದು, ಹಾಲಿನಿಂದಲೇ ಮನೆ ನಡೆಯಬೇಕಾದವರು ಇದನ್ನು ತರಬೇಡಿ, ನಷ್ಟ ಆಗುತ್ತದೆ. ನಮ್ಮ ಹಾಗೆ ನಾಲ್ಕೈದು ಎಕರೆ ಖುಷ್ಕಿ, ಸ್ವಂತ ಹುಲ್ಲು, ಹೂಡಲು ಒಬ್ಬರು ಗಂಡಾಳು ಇದ್ದರೆ ತನ್ನಿ. ಜತೆ ಎತ್ತಿಗೆ ಈಗ ಹಲ್ಲೆಲ್ಲ ಬಂದು ಬಾಯಿಗೂಡಿ ವರ್ಷಗಳಾದವು, ಇನ್ನೆರಡು ಮೂರು ವರ್ಷ ಗೆಯ್ಯಬಹುದು. ಕಡಸು ಎರಡನೇ ಸಲ ಗಬ್ಬ, ಶ್ರಾವಣಕ್ಕೆ ಕರು ಹಾಕುತ್ತದೆ. ಕ್ಯಾಲೆಂಡರಿನಲ್ಲಿ ಹನ್ನೆರಡನೇ ದಿನಕ್ಕೆ ಔಷಧಿ ಅಂತ ಗುರುತು ಹಾಕಲು ಅತ್ತೆ ಈಗಲೇ ನೆನಪಿಸುತ್ತಿದ್ದಾರೆ.