ಐಜಿಇಎಸ್ ಫೈಲ್ ಕಳಿಸಿ ಹನ್ನೆರಡು ಹೌಸಿಂಗ್ ಕೆಡಿಸಿಕೊಂಡೆ, ನೀವು ಹಾಗೆ ಮಾಡಬೇಡಿ

ವೆಂಡರ್ ಹತ್ತಿರದಿಂದ ಹನ್ನೆರಡು ಅಲ್ಯೂಮಿನಿಯಂ ಹೌಸಿಂಗ್ ಬಂದಿದ್ದವು. ಮೊದಲನೆಯದನ್ನು ಮೇಜಿನ ಮೇಲಿಟ್ಟು ಕವರ್ ಕೂರಿಸಿದೆ. ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಎದುರು ಮೂಲೆ ಎದ್ದು ಟಕ್ ಎನ್ನುತ್ತಿತ್ತು. ಫೀಲರ್ ಗೇಜ್ ತೂರಿಸಿದೆ, 0.35 ಮಿಮೀ ಬ್ಲೇಡ್ ಸಲೀಸಾಗಿ ಒಳಗೆ ಹೋಯಿತು. ಕವರ್ ಸೊಟ್ಟಗಿರಬಹುದು ಅಂದುಕೊಂಡು ಇನ್ನೊಂದು ಕವರ್ ತಂದೆ. ಅದೂ ಅದೇ ಮೂಲೆಯಲ್ಲಿ ಕುಣಿಯಿತು. ಹನ್ನೆರಡರಲ್ಲೂ ಅದೇ ಮೂಲೆ, ಅಷ್ಟೇ ಎತ್ತರ.

ನನಗೆ ನಿಜವಾಗಿ ಗಾಬರಿ ಹುಟ್ಟಿಸಿದ್ದು ಪೀಸ್‌ಗಳ ಜೊತೆಗೆ ಬಂದಿದ್ದ ಇನ್ಸ್‌ಪೆಕ್ಷನ್ ರಿಪೋರ್ಟ್. ಪಾರ್ಟನ್ನು ಮುಟ್ಟಿ ಮುಟ್ಟಿ ಅಳೆಯುವ ಸಿಎಂಎಂ ಯಂತ್ರದಲ್ಲಿ ಅಳೆದ ಪಾಯಿಂಟ್‌ಗಳೆಲ್ಲ ಹಸಿರು. ಕವರ್ ತಗಲುತ್ತಿದ್ದ ಆ ಮೂಲೆಯೊಳಗೇ ಆರು ಪಾಯಿಂಟ್ ತೆಗೆದುಕೊಂಡಿದ್ದರು, ಅವುಗಳಲ್ಲಿ ಯಾವುದೂ 0.03 ಮಿಮೀಗಿಂತ ಆಚೆ ಹೋಗಿರಲಿಲ್ಲ. ಪಾರ್ಟ್ ತಪ್ಪು, ಆದರೆ ರಿಪೋರ್ಟ್ ಸರಿ. ಇದು ಹೇಗೆ ಸಾಧ್ಯ ಅಂತ ತಿಳಿಯೋಕೆ ಎರಡು ದಿನ ಹಿಡಿಯಿತು.

ಹೌಸಿಂಗಿನ 3ಡಿ ಮಾಡೆಲ್ ಕಳಿಸಿದ್ದು ನಾನೇ. ವೆಂಡರ್ ಬಳಸುವ ಸಾಫ್ಟ್‌ವೇರ್ ಬೇರೆ, ನಮ್ಮದು ಬೇರೆ. ಹಾಗಿದ್ದಾಗ ಮಾಡೆಲನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಹಳೆಯ ಫೈಲ್ ರೂಪ ಐಜಿಇಎಸ್. ಅವರ ಪ್ರೋಗ್ರಾಮರ್ ಫೋನಿನಲ್ಲಿ "ಸರ್, ಐಜಿಇಎಸ್ ಕಳಿಸಿಬಿಡಿ, ನಮ್ಮಲ್ಲಿ ಯಾವಾಗಲೂ ಅದೇ ತಗೊಳ್ಳೋದು" ಅಂದರು. ಎಕ್ಸ್‌ಪೋರ್ಟ್ ಮಾಡಿದೆ, ಹುಷಾರಿಗೆ ಅಂತ ಅದೇ `.igs` ಫೈಲನ್ನು ನಮ್ಮ ಸಾಫ್ಟ್‌ವೇರ್‌ನಲ್ಲೇ ಮತ್ತೆ ತೆರೆದೂ ನೋಡಿದೆ. ಒಂದು ತೂತೂ ಇಲ್ಲದೆ ಚೆನ್ನಾಗಿ ತೆರೆಯಿತು. ಆ ಪರೀಕ್ಷೆಗೆ ಬೆಲೆಯಿಲ್ಲ ಅಂತ ಆಗ ಗೊತ್ತಿರಲಿಲ್ಲ. ಬರೆದವನೇ ಓದಿದರೆ ತಾನು ಬಿಟ್ಟ ಬಿರುಕು ತನಗೆ ಕಾಣುವುದಿಲ್ಲ, ಏಕೆಂದರೆ ಎರಡೂ ಕಡೆ ಇರುವುದು ಅದೇ ಜಿಯೋಮೆಟ್ರಿ ಕರ್ನಲ್, ಅಂದರೆ ಆಕಾರಗಳ ಲೆಕ್ಕ ಮಾಡುವ ಒಳಗಿನ ಎಂಜಿನ್.

ಐಜಿಇಎಸ್ ಹುಟ್ಟಿದ್ದು 1980ರಲ್ಲಿ, ಕೊನೆಯ ಆವೃತ್ತಿ 5.3 ಬಂದಿದ್ದು 1996ರಲ್ಲಿ. ಅದರಲ್ಲಿ ಸಾಲಿಡ್ ಬರೆಯೋಕೆ ಎಂಟಿಟಿ 186 ಅಂತ ವ್ಯವಸ್ಥೆ ಇದೆ. ಆದರೆ ಮಾಮೂಲಿ ಎಕ್ಸ್‌ಪೋರ್ಟ್‌ನಲ್ಲಿ ಹೆಚ್ಚಾಗಿ ಹೋಗುವುದು ಎಂಟಿಟಿ 144, ಅಂದರೆ ಟ್ರಿಮ್ಡ್ ಸರ್ಫೇಸ್. ನನ್ನ ಫೈಲಿನಲ್ಲೂ ಹೋಗಿದ್ದು ಅದೇ. ಬಟ್ಟೆ ಕತ್ತರಿಸಿ ಹೊಲಿಯದೆ ತುಂಡುಗಳನ್ನಷ್ಟೇ ಕಟ್ಟಿ ಕಳಿಸಿದ ಹಾಗೆ. ಒಂದೊಂದು ಫೇಸ್‌ಗೂ ಅದರದ್ದೇ ಅಂಚು ಇರುತ್ತದೆ, ಪಕ್ಕದ ಫೇಸ್ ಯಾವುದು ಅನ್ನುವ ಮಾಹಿತಿ ಇರುವುದಿಲ್ಲ. ತೆಗೆದುಕೊಂಡವರು ಅಂಚಿಗೆ ಅಂಚು ಹತ್ತಿರ ಇದೆಯೇ ಅಂತ ನೋಡಿ ತಾವೇ ಸ್ಟಿಚ್ ಮಾಡಿಕೊಳ್ಳಬೇಕು. ಎಷ್ಟು ಹತ್ತಿರ ಇದ್ದರೆ ಒಂದೇ ಅಂಚು ಅಂತ ಲೆಕ್ಕ, ಅದನ್ನು ಅವರ ಟಾಲರೆನ್ಸ್ ತೀರ್ಮಾನಿಸುತ್ತದೆ.

ನನ್ನ ಮಾಡೆಲ್‌ನಲ್ಲಿ ಪಾಕೆಟ್ ಮೂಲೆಯಲ್ಲಿ ಒಂದು ಬಾಸ್ ಇತ್ತು. ಅದರ ಬುಡದ ಫಿಲೆಟ್ R6ರಿಂದ R1.5ಕ್ಕೆ ಇಳಿಯುತ್ತಾ ಹೋಗಿ ಡ್ರಾಫ್ಟ್ ಇರುವ ಗೋಡೆಗೆ ಸೇರುತ್ತಿತ್ತು. ಸೇರುವ ಜಾಗದಲ್ಲಿ 11 ಮಿಮೀ ಉದ್ದ, 0.03 ಮಿಮೀ ಅಗಲದ ಒಂದು ಸಪೂರ ಫೇಸ್ ಉಳಿದುಕೊಂಡಿತ್ತು. ಕಣ್ಣಿಗೆ ಅದು ಒಂದು ಗೆರೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅಲ್ಲಿ ಆಗಿದ್ದನ್ನು ಪ್ರೋಗ್ರಾಮರ್ ಮುಚ್ಚುಮರೆ ಇಲ್ಲದೆ ಹೇಳಿದರು. ಇಂಪೋರ್ಟ್ ಮಾಡಿದಾಗ 0.001 ಮಿಮೀ ಟಾಲರೆನ್ಸ್‌ನಲ್ಲಿ ಹಲವು ಅಂಚುಗಳು ಕೂಡಲಿಲ್ಲ, ಬಾಡಿ ಸಾಲಿಡ್ ಆಗಲಿಲ್ಲ. ಅವರು ಟಾಲರೆನ್ಸ್ ಏರಿಸುತ್ತಾ 0.1ಕ್ಕೆ ಹೋದರು. ಅಷ್ಟಕ್ಕೆ ಹೋದಾಗ 0.03 ಅಗಲದ ಆ ಫೇಸಿನ ಎರಡು ಉದ್ದ ಅಂಚುಗಳು ಒಂದೇ ಅಂಚಾಗಿಬಿಟ್ಟವು, ಫೇಸ್ ಮಾಯವಾಯಿತು. ಅದನ್ನು ನಂಬಿಕೊಂಡಿದ್ದ ಪಕ್ಕದ ಫಿಲೆಟ್ ಫೇಸಿನ ಗಡಿ ಕೆಟ್ಟು ಅದೂ ಬಿದ್ದುಹೋಯಿತು. ಉಳಿದ ತೂತನ್ನು ಫಿಲ್ ಸರ್ಫೇಸ್ ಹಾಕಿ ಮುಚ್ಚಿದರು. ಬಾಡಿ ಸಾಲಿಡ್ ಆಯಿತು, ಟೂಲ್‌ಪಾತ್ ಓಡಿತು. ಆದರೆ ಆ ತೇಪೆ ಪಾಕೆಟ್ ಒಳಕ್ಕೆ 0.5 ಮಿಮೀ ಉಬ್ಬಿತ್ತು. ಕವರಿನ ಲಿಪ್‌ಗೆ ಅಲ್ಲಿ ನಾನು ಬಿಟ್ಟಿದ್ದ ಸಂದು 0.2 ಮಿಮೀ ಮಾತ್ರ. ಲಿಪ್ ಹೋಗಿ ಉಬ್ಬಿನ ಮೇಲೆ ಕೂತಿತು.

ರಿಪೋರ್ಟ್ ಹಸಿರಾಗಿದ್ದೂ ಇದಕ್ಕೇ. ಸಿಎಂಎಂಗೆ ನಾಮಿನಲ್, ಅಂದರೆ ಹೋಲಿಸಿ ನೋಡುವ ಮಾದರಿ ಅಂತ ಲೋಡ್ ಮಾಡಿದ್ದು ಅದೇ ತೇಪೆ ಹಾಕಿದ ಮಾಡೆಲ್. ಮಷೀನು ತೇಪೆಯನ್ನು ನಿಖರವಾಗಿ ಕಡೆಯಿತು, ಸಿಎಂಎಂ ತೇಪೆಯನ್ನು ನಿಖರವಾಗಿ ಅಳೆಯಿತು. ನಮ್ಮ ಡ್ರಾಯಿಂಗ್‌ನಲ್ಲಿ "ಅಳತೆ ಕೊಡದ ಜಾಗಕ್ಕೆ 3ಡಿ ಮಾಡೆಲ್ ಆಧಾರ" ಅಂತ ನೋಟ್ ಇತ್ತು. ಯಾವ ಮಾಡೆಲ್? ನನ್ನ ಹತ್ತಿರ ಇರುವುದೋ, ಅವರ ಹತ್ತಿರ ಇರುವುದೋ? ನೋಟ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ತೇಪೆ ಹಾಕುವಾಗ ಒಂದು ಮಾತು ಕೇಳಬೇಕಿತ್ತು ಅಂತ ನನಗೆ ಅನ್ನಿಸಿದ್ದು ನಿಜ. ಹಾಗೇ, ಬಿಡಿಬಿಡಿ ತುಂಡುಗಳನ್ನು ಕಳಿಸಿ ಹೊಲಿಯುವ ಕೆಲಸವನ್ನು ಅವರ ತಲೆಗೆ ಕಟ್ಟಿದವನು ನಾನು. ಹಣ ಕೊಡುವುದಿಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಉಬ್ಬು ಅಂದರೆ ಹೆಚ್ಚುವರಿ ಲೋಹ ತಾನೇ, ಅದೊಂದೇ ಮೂಲೆಯನ್ನು ಮತ್ತೆ ಕಡೆದು ಹನ್ನೆರಡನ್ನೂ ಉಳಿಸಿಕೊಂಡೆವು. ತೇಪೆ ಲೋಹದೊಳಕ್ಕೆ ತಗ್ಗಿದ್ದರೆ ಹನ್ನೆರಡೂ ಸ್ಕ್ರ್ಯಾಪ್ ಆಗುತ್ತಿದ್ದವು.

ಎರಡನೇ ಸಲ ಐಜಿಇಎಸ್ ಬದಲು ಸ್ಟೆಪ್ ಅನ್ನುವ ಫೈಲ್ ರೂಪದಲ್ಲಿ ಕಳಿಸಿದೆ. ಸ್ಟೆಪ್‌ನಲ್ಲಿ ಒಂದು ಅಂಚನ್ನು ಒಂದೇ ಸಲ ಬರೆದು, ಎರಡು ಪಕ್ಕದ ಫೇಸ್‌ಗಳೂ ಅದನ್ನೇ ತೋರಿಸುತ್ತವೆ. ಯಾರ ಪಕ್ಕ ಯಾರು ಅನ್ನುವುದು ಫೈಲಿನಲ್ಲೇ ಇರುವುದರಿಂದ ಊಹಿಸಿ ಹೊಲಿಯುವ ಕೆಲಸ ಇರುವುದಿಲ್ಲ. ಆದರೂ ಎಕ್ಸ್‌ಪೋರ್ಟ್ ಆಯ್ಕೆ ತಪ್ಪಿದರೆ ಸ್ಟೆಪ್‌ನಲ್ಲೂ ಬರೀ ಸರ್ಫೇಸ್ ಹೋಗುತ್ತದೆ. ಹಾಗಾಗಿ ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಹುಡುಕಿ. ಸಾಲಿಡ್ ಇದ್ದರೆ ಇಂಥ ಸಾಲು ಸಿಗುತ್ತದೆ:

```
#412=MANIFOLD_SOLID_BREP('HOUSING',#413);
#413=CLOSED_SHELL('',(#414,#415,#416));
```

ಒಳಗೆ ಮುಚ್ಚಿದ ಟೊಳ್ಳು ಇರುವ ಪಾರ್ಟ್ ಆದರೆ `BREP_WITH_VOIDS` ಅಂತ ಇರುತ್ತದೆ, ಅದೂ ಸಾಲಿಡ್ಡೇ. `SHELL_BASED_SURFACE_MODEL` ಅಥವಾ `OPEN_SHELL` ಮಾತ್ರ ಸಿಕ್ಕರೆ ಕಳಿಸಬೇಡಿ, ಅದು ಐಜಿಇಎಸ್ ಕಥೆಯೇ ಬೇರೆ ಹೆಸರಿನಲ್ಲಿ.

ಆ ಸಪೂರ ಫೇಸ್ ಸ್ಟೆಪ್‌ನಲ್ಲೂ ಕಾಟ ಕೊಟ್ಟಿತು ಅನ್ನುವುದನ್ನು ಹೇಳಲೇಬೇಕು. ಈ ಸಲ ನಾನು ಫೈಲನ್ನು ಫ್ರೀಕ್ಯಾಡ್‌ನಲ್ಲಿ ತೆರೆದೆ. ಅದರ ಕರ್ನಲ್ ಓಪನ್ ಕ್ಯಾಸ್ಕೇಡ್, ನಮ್ಮದಕ್ಕಿಂತ ಬೇರೆ, ನನಗೆ ಬೇಕಿದ್ದಿದ್ದೂ ಅದೇ. ಜಿಯೋಮೆಟ್ರಿ ಚೆಕ್ ಓಡಿಸಿದರೆ ನೇರವಾಗಿ ಅದೇ ಮೂಲೆಯನ್ನು ತೋರಿಸಿತು. ನೇಟಿವ್ ಮಾಡೆಲ್‌ಗೆ, ಅಂದರೆ ನಮ್ಮ ಸಾಫ್ಟ್‌ವೇರಿನ ಮೂಲ ಫೈಲಿಗೆ ವಾಪಸ್ ಹೋಗಿ ಫಿಲೆಟ್ ಮುಗಿಯುವ ಜಾಗವನ್ನು 2 ಮಿಮೀ ಹಿಂದಕ್ಕೆ ತಂದೆ, ಸಪೂರ ಫೇಸ್ ಹೋಯಿತು, ಚೆಕ್‌ನಲ್ಲಿ ಒಂದು ದೂರೂ ಬರಲಿಲ್ಲ. ಮೊದಲನೇ ಸಲವೇ ಬೇರೆ ಕರ್ನಲ್‌ನಲ್ಲಿ ತೆರೆದಿದ್ದರೆ ಹತ್ತು ನಿಮಿಷದಲ್ಲಿ ಸಿಗುತ್ತಿದ್ದ ತಪ್ಪು ಇದು.

ವಾಲ್ಯೂಮ್ ತಾಳೆ ನೋಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ನೋಡಿ, ಆದರೆ ಶೇಕಡಾ ಲೆಕ್ಕದಲ್ಲಿ ನೋಡಬೇಡಿ. ನನ್ನ ಪಾರ್ಟಿನ ವಾಲ್ಯೂಮ್ 4,12,386 ಘನ ಮಿಮೀ. ತೇಪೆಯಿಂದ ಹೆಚ್ಚಾಗಿದ್ದು ಸುಮಾರು 40 ಘನ ಮಿಮೀ. ಶೇಕಡಾ 0.01 ಅಷ್ಟೇ, ತೂಕದಲ್ಲಿ 0.11 ಗ್ರಾಂ. ಪೂರ್ತಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಕಾಣುತ್ತದೆ. ಫೇಸ್‌ಗಳ ಎಣಿಕೆ ಬೇರೆ ಬಂದರೆ ಗಾಬರಿಯಾಗಬೇಡಿ. ಪೂರ್ತಿ ಸಿಲಿಂಡರನ್ನು ಕೆಲವು ಸಾಫ್ಟ್‌ವೇರ್ ಎರಡು ಅರ್ಧ ಮಾಡಿ ಇಡುತ್ತವೆ. ಎಲ್ಲಕ್ಕಿಂತ ಗಟ್ಟಿಯಾದ ದಾರಿ ಅಂದರೆ, ವೆಂಡರ್ ಟೂಲ್‌ಪಾತ್ ಬರೆಯುವ ಮಾಡೆಲನ್ನೇ ಸ್ಟೆಪ್ ಆಗಿ ವಾಪಸ್ ತರಿಸಿಕೊಂಡು ನಿಮ್ಮ ನೇಟಿವ್ ಮೇಲೆ ಕೂರಿಸಿ ವ್ಯತ್ಯಾಸ ನೋಡುವುದು. ನನ್ನ ಉಬ್ಬು ಅಲ್ಲಿ ಬಣ್ಣದ ಕಲೆಯಾಗಿ ಎದ್ದು ಕಾಣುತ್ತಿತ್ತು.

ಸ್ಟೆಪ್ ಕಳಿಸಿದ ಮರುದಿನ ಪ್ರೋಗ್ರಾಮರ್ ಫೋನ್ ಮಾಡಿದರು. "ಸರ್, ಆರು ಹೋಲ್ 4.2 ಇದೆಯಲ್ಲ, ಪ್ಲೇನಾ ಟ್ಯಾಪಾ?" ಅವು M5 ಟ್ಯಾಪ್. ನೇಟಿವ್‌ನಲ್ಲಿ ಥ್ರೆಡ್ ಬರೀ ಕಾಸ್ಮೆಟಿಕ್, ಅಂದರೆ ಮೇಲೆ ಬಳಿದ ಗುರುತು, ಅಲ್ಲಿ ಜಿಯೋಮೆಟ್ರಿ ಇಲ್ಲ. ಸ್ಟೆಪ್‌ಗೆ ಹೋಗಿದ್ದು ಡ್ರಿಲ್ ಸೈಜಿನ ನುಣುಪು ತೂತು. AP242 ಅನ್ನುವ ಹೊಸ ಸ್ಟೆಪ್ ರೂಪದಲ್ಲಿ ಟಾಲರೆನ್ಸ್, ಥ್ರೆಡ್ ಮುಂತಾದ ಮಾಹಿತಿಯನ್ನೂ ಕಳಿಸಬಹುದು, ಆದರೆ ನೀವು ಮಾಡೆಲ್‌ನಲ್ಲಿ ಅದನ್ನು ಬರೆದಿರಬೇಕು, ಅವರ ಸಾಫ್ಟ್‌ವೇರ್ ಅದನ್ನು ಓದಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಪಿಡಿಎಫ್ ಡ್ರಾಯಿಂಗ್ ಬೇಕೇ ಬೇಕು. ಅವತ್ತು ಅವರು ಕೇಳಿದ್ದಕ್ಕೆ ಕೆಲಸ ಉಳಿಯಿತು.

ಹಾಗಾದರೆ ನೇಟಿವ್ ಫೈಲನ್ನೇ ಕೊಟ್ಟರೆ ಆಗದೇ? ಅದರಲ್ಲೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಒಂದೇ ಫೈಲಿನಲ್ಲಿ ಕಾಸ್ಟಿಂಗ್ ಒಂದು ಕಾನ್ಫಿಗರೇಶನ್, ಮಷೀನ್ ಆದದ್ದು ಇನ್ನೊಂದು. ನಾನು ಕೊನೆಯಲ್ಲಿ ಕಾಸ್ಟಿಂಗ್ ತೆರೆದಿಟ್ಟು ಸೇವ್ ಮಾಡಿದ್ದೆ. ಬೇರೆ ಸಾಫ್ಟ್‌ವೇರಿನ ಟ್ರಾನ್ಸ್‌ಲೇಟರ್ ಅದನ್ನಷ್ಟೇ ಓದಿತು. 3 ಮಿಮೀ ಮಷೀನಿಂಗ್ ಅಲೋಯೆನ್ಸ್ ಇರುವ ಮಾಡೆಲ್‌ಗೆ ಕೊಟೇಶನ್ ಬಂದಾಗ ಗೊತ್ತಾಯಿತು. ಅಲ್ಲದೆ ನಮ್ಮ ಆವೃತ್ತಿ ಹೊಸದಾಗಿದ್ದರೆ ಅವರಲ್ಲಿ ತೆರೆಯದೆಯೂ ಇರಬಹುದು, ತೆರೆದರೆ ನಮ್ಮ ಫೀಚರ್ ಹಿಸ್ಟರಿ ಅವರ ಕೈಗೆ ಹೋಗಬಹುದು. ಒಂದು ಸಂದರ್ಭ ಬೇರೆ: ಇಬ್ಬರ ಸಾಫ್ಟ್‌ವೇರೂ ಪ್ಯಾರಾಸಾಲಿಡ್ ಕರ್ನಲ್ ಮೇಲೆ ನಿಂತಿದ್ದರೆ, ಉದಾಹರಣೆಗೆ ಒಂದು ಕಡೆ ಸಾಲಿಡ್‌ವರ್ಕ್ಸ್, ಇನ್ನೊಂದು ಕಡೆ ಎನ್‌ಎಕ್ಸ್, `.x_t` ಕೊಡಿ. ಜಿಯೋಮೆಟ್ರಿ ಅನುವಾದ ಆಗದೆ ಇದ್ದ ಹಾಗೇ ಹೋಗುತ್ತದೆ, ಅಲ್ಲಿ ಸ್ಟೆಪ್‌ಗಿಂತ ಅದನ್ನೇ ನಾನು ಹೆಚ್ಚು ನಂಬುತ್ತೇನೆ. ಅವರ ಆವೃತ್ತಿ ಹಳೆಯದಾದರೆ ಎಕ್ಸ್‌ಪೋರ್ಟ್ ಮಾಡುವಾಗ ಹಳೆಯ ಪ್ಯಾರಾಸಾಲಿಡ್ ಆವೃತ್ತಿ ಆರಿಸಿಕೊಳ್ಳಿ.

ಈಗ ಪ್ರತಿ ಫೈಲಿನ ಜೊತೆ ಮೇಲ್‌ನಲ್ಲಿ ಈ ನಾಲ್ಕು ಸಾಲು ಹೋಗುತ್ತದೆ, ಬೇಕಿದ್ದರೆ ನೀವೂ ಎತ್ತಿಕೊಳ್ಳಿ: "ಸಾಲಿಡ್ ಬಾಡಿ 1. ಹೊರ ಅಳತೆ 186 × 124 × 58 ಮಿಮೀ, ವಾಲ್ಯೂಮ್ 4,12,386 ಘನ ಮಿಮೀ. ಥ್ರೆಡ್ ಮತ್ತು ಟಾಲರೆನ್ಸ್‌ಗೆ ಡ್ರಾಯಿಂಗ್ ನೋಡಿ. ಇಂಪೋರ್ಟ್ ಮಾಡಿದಾಗ ಸಾಲಿಡ್ ಆಗದಿದ್ದರೆ, ಅಥವಾ ಯಾವುದೇ ಫೇಸ್ ಸರಿಮಾಡಬೇಕಾಗಿ ಬಂದರೆ, ಕೆಲಸ ನಿಲ್ಲಿಸಿ ನನಗೆ ಫೋನ್ ಮಾಡಿ." ಕಳೆದ ತಿಂಗಳು ಇನ್ನೊಬ್ಬ ವೆಂಡರ್ ಹೀಗೇ ಫೋನ್ ಮಾಡಿದರು. ಒಂದು ಫೇಸ್ ಬಂದಿರಲಿಲ್ಲ. ಅವತ್ತು ಮಧ್ಯಾಹ್ನವೇ ಫಿಲೆಟ್ ತಿದ್ದಿ ಹೊಸ ಸ್ಟೆಪ್ ಕಳಿಸಿದೆ, ಸಂಜೆಗೆ ಅವರ ಕಡೆಯಿಂದ ವಾಲ್ಯೂಮ್ ಬಂತು, ನನ್ನ ಅಂಕಿಗೂ ಅದಕ್ಕೂ ತಾಳೆಯಾಯಿತು.