ಪಾಲುದಾರರು ಬಿಟ್ಟು ಹೋಗುವಾಗ ಗುಡ್‌ವಿಲ್ ಯಾರ ಖಾತೆಯಿಂದ ಹೋಗ್ತಿದೆ ನೋಡ್ಕೊಳ್ಳಿ, ನಂಗೆ 1.7 ಲಕ್ಷ ಹೊಡೆತ ಬಿತ್ತು

ಸೋಮವಾರಪೇಟೆ ಹತ್ರ ನಮ್ದು ಕಾಫಿ, ಕಾಳುಮೆಣಸು ಕೊಂಡು ಮಾರೋ ವ್ಯಾಪಾರ. ಹತ್ತರಲ್ಲಿ ಮಾವಂದು ಐದು ಪಾಲು, ನಂದು ಮೂರು, ಭಾವಂದು ಎರಡು. ಮಾವಂಗೆ ಮಂಡಿನೋವು ಜಾಸ್ತಿಯಾಗಿ ಕುಯ್ಲು ಮುಗಿದ ಮೇಲೆ ಬಿಟ್ಬಿಡ್ತೀನಿ ಅಂದ್ರು, ಇನ್ಮುಂದೆ ನಾನೂ ಭಾವನೂ ಸಮಸಮ ಅಂತ ಮಾತಾಯ್ತು. ಲೆಕ್ಕ ಬರೆಯೋರು ಎರಡು ಹಾಳೆ ತಂದ್ರು, ನಾನು ಮಾವಂಗೆ ಎಷ್ಟು ಬರುತ್ತೆ ಅಂತ ಮಾತ್ರ ನೋಡಿ ಸೈನ್ ಹಾಕ್ದೆ. ಅದು ಸರಿಯಾಗೇ ಇತ್ತು, ತಪ್ಪು ಇದ್ದಿದ್ದು ನಮ್ಮಿಬ್ಬರ ಖಾತೆಗಳಲ್ಲಿ.

ವ್ಯಾಪಾರದ ಗುಡ್‌ವಿಲ್, ಅಂದ್ರೆ ಇಷ್ಟು ವರ್ಷ ಗಳಿಸಿದ ಹೆಸರಿನ ಬೆಲೆ, 12 ಲಕ್ಷ ಅಂತ ಒಪ್ಪಿದ್ವಿ, ಅದ್ರಲ್ಲಿ ಮಾವನ ಅರ್ಧ 6 ಲಕ್ಷ. ಇದನ್ನ ನಾವಿಬ್ರು ತುಂಬ್ಕೊಡ್ಬೇಕು. ಲೆಕ್ಕದವ್ರು ನಮ್ಮ ಹಳೇ ಪಾಲು 3:2 ಹಿಡಿದು ನನ್ನ ಖಾತೆಗೆ 3.6 ಲಕ್ಷ, ಭಾವನ ಖಾತೆಗೆ 2.4 ಲಕ್ಷ ಖರ್ಚು ಹಾಕಿದ್ರು. ಹಾಗಲ್ಲ, ಮಾವನ ಪಾಲಿಂದ ಯಾರಿಗೆ ಎಷ್ಟು ಹೊಸದಾಗಿ ಸಿಕ್ತೋ ಅಷ್ಟಕ್ಕೆ ಅವ್ರು ಕೊಡ್ಬೇಕು. ಹೊಸ ಪಾಲಲ್ಲಿ ಹಳೇ ಪಾಲು ಕಳೀರಿ: ನಂಗೆ 5/10 - 3/10 = 2/10, ಭಾವಂಗೆ 5/10 - 2/10 = 3/10. ಇದೇ ಗೇನಿಂಗ್ ರೇಶಿಯೋ, 2:3. ಎರಡೂ ಕೂಡಿಸಿದ್ರೆ ಮಾವನ 5/10 ಸರಿಯಾಗಿ ಬರ್ಬೇಕು, ಬರ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ. ಅಂದ್ರೆ ನಾನು ಕೊಡ್ಬೇಕಿದ್ದಿದ್ದು 2.4, ಭಾವ 3.6. ಉಳಿದವ್ರು ಹಳೇ ಲೆಕ್ಕದಲ್ಲೇ 3:2 ಅಂತ ಮುಂದುವರೆದ್ರೆ ಮಾತ್ರ ಅವ್ರ ಹಾಳೆ ಸರಿ ಇರ್ತಿತ್ತು, ನಾವು ಸಮ ಮಾಡ್ಕೊಂಡಿದ್ದನ್ನ ಅವ್ರು ಇಲ್ಲಿ ಮರೆತೇ ಬಿಟ್ರು.

ಆದ್ರೆ ಆಸ್ತಿ ಬೆಲೆ ಹೊಸದಾಗಿ ಕಟ್ಟಿದ ಹಾಳೇಲಿ ಸಮಪಾಲು ಚೆನ್ನಾಗೇ ನೆನಪಿತ್ತು! ಗೋಡೌನೂ ಕಾಫಿ ಒಣಗಿಸೋ ಕಣಾನೂ ಪುಸ್ತಕದಲ್ಲಿ 8 ಲಕ್ಷ ಇತ್ತು, ಈಗ 20 ಲಕ್ಷ ಅಂತ ಕಟ್ಟಿದ್ವಿ. ಮಳೇಲಿ ಬೂಷ್ಟು ಹಿಡಿದ ಮೆಣಸಿಗೆ 1 ಲಕ್ಷ, ವಸೂಲಾಗದ ಬಾಕಿಗೆ 1 ಲಕ್ಷ ಕಳೆದು ಉಳಿದ ಲಾಭ 10 ಲಕ್ಷ. ಮಾವಂಗೆ 5 ಕೊಟ್ಟು ಉಳಿದ 5ನ್ನ ನಮಗೆ ಎರಡೂವರೆ ಎರಡೂವರೆ ಬರೆದಿದ್ರು. ಆ ಬೆಲೆ ಏರಿದ್ದು ಮೂರೂ ಜನ ಹಳೇ ಪಾಲಲ್ಲಿ ಇದ್ದಾಗ, ಹಂಗಾಗಿ 5:3:2 ಪ್ರಕಾರ ನಂಗೆ 3, ಭಾವಂಗೆ 2 ಬರ್ಬೇಕು. ಬೆಲೆ ಇಳಿದಿದ್ರೆ ನಷ್ಟಾನೂ ಇದೇ ಹಳೇ ಪಾಲಲ್ಲೇ.

ಗುಡ್‌ವಿಲ್‌ನಲ್ಲಿ 1.2 ಲಕ್ಷ, ಇಲ್ಲಿ 50 ಸಾವಿರ. ಸೈನ್ ಹಾಕೋ ಮುಂಚೆ ಹಾಳೇಲಿ ಹಳೇ ಪಾಲು, ಹೊಸ ಪಾಲು, ವ್ಯತ್ಯಾಸ ಅಂತ ಮೂರು ಕಾಲಮ್ ಬರೆಸ್ಕೊಳ್ಳಿ, ದಯವಿಟ್ಟು. ನಾನು ಆ ಹಾಳೆ ಹಿಂದೇನೇ ಪೆನ್ಸಿಲಲ್ಲಿ ಬರೆದು ತೋರಿಸಿದ್ಮೇಲೆ ಭಾವ ಸುಮಾರು ಹೊತ್ತು ನೋಡಿ "ನೀವು ಹೇಳೋದು ಸರಿ, ಆದ್ರೆ ಸೈನ್ ಆಗಿದೆಯಲ್ಲ" ಅಂದ್ರು. ಈ ಭಾನುವಾರ ಮಾವನ ಮನೇಲಿ ಕೂತು ತಿದ್ದುಪಡಿ ಎಂಟ್ರಿ ಬಗ್ಗೆ ಮಾತಾಡೋದಿದೆ.