ರಿಸರ್ಚ್ ಸ್ಟೇಟ್‌ಮೆಂಟ್ ಅನುವಾದಕ್ಕೆ ಕೊಡ್ತಿದ್ದೀರಾ? ಕೊನೆಯ 'ಪಾಲಿಶ್' ಬಗ್ಗೆ ಹುಷಾರು

ಕನ್ನಡದಲ್ಲಿ ಸಂಶೋಧನೆ ಮಾಡಿ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕುತ್ತಿರುವವರು ದಯವಿಟ್ಟು ಇದನ್ನು ಓದಿ.

ನನ್ನ ಪಿಎಚ್‌ಡಿ ಹಾಸನ ಜಿಲ್ಲೆಯ ವೀರಗಲ್ಲುಗಳ ಮೇಲೆ. ಒಂದು ಖಾಸಗಿ ವಿಶ್ವವಿದ್ಯಾಲಯ ರಿಸರ್ಚ್ ಸ್ಟೇಟ್‌ಮೆಂಟನ್ನು ಇಂಗ್ಲಿಷಿನಲ್ಲೇ ಕೇಳಿತ್ತು. ಕನ್ನಡದಲ್ಲಿ ಬರೆದು, ಹಣ ಕೊಟ್ಟು ಒಂದು ಅನುವಾದ ಸಂಸ್ಥೆಗೆ ಒಪ್ಪಿಸಿದೆ. ಮೊದಲ ಕರಡು ಚೆನ್ನಾಗಿಯೇ ಬಂದಿತ್ತು. ಸಾಲು ಸಾಲು ನೋಡಿ ಒಪ್ಪಿಗೆ ಕೊಟ್ಟೆ. ಅರ್ಜಿಯ ಕೊನೆಯ ದಿನ ಸಂಜೆ "ಸ್ವಲ್ಪ ಪಾಲಿಶ್ ಮಾಡಿದ್ದೇವೆ, ವ್ಯಾಕರಣ ಅಷ್ಟೇ" ಅಂತ ಹೇಳಿ ಪಿಡಿಎಫ್ ಕಳಿಸಿದರು. ಅದೇ ಅಪ್‌ಲೋಡ್ ಆಯಿತು. ಒಳಗೆ ನೋಡಿದರೆ ಕ್ರಿಯಾಪದಗಳೇ ಬದಲಾಗಿದ್ದವು.

ಇದು ಗೊತ್ತಾಗಿದ್ದು ಸಂದರ್ಶನದಲ್ಲಿ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ನನ್ನ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "34 ವೀರಗಲ್ಲುಗಳನ್ನು 'ಡಿಸ್ಕವರ್' ಮಾಡಿದ್ದೀರಿ ಅಂತ ಇದೆಯಲ್ಲಮ್ಮ, ಇವುಗಳಲ್ಲಿ ಎಷ್ಟೋ ರೈಸ್ ಅವರ ಸಂಪುಟದಲ್ಲೇ ಇವೆ ಅಲ್ವಾ?" ಇವೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟ 1902ರಲ್ಲೇ ಬಂದಿದೆ. ನನ್ನ 34ರಲ್ಲಿ 21 ಕಲ್ಲುಗಳ ಶಾಸನಪಾಠ ಅಲ್ಲಿದೆ. ನಾನು ಮಾಡಿದ್ದು ಆ ಕಲ್ಲುಗಳ ಹತ್ತಿರ ಹೋಗಿ ಮತ್ತೆ ಓದಿದ್ದು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಡೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಪೂಜೆ ಇರುತ್ತದೆ. ಈ ಚಿತ್ರಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಕೆಳಗಿನ ಪಟ್ಟಿ ಎಷ್ಟೋ ಕಡೆ ಮಣ್ಣಿನಲ್ಲಿ ಹೂತಿರುತ್ತದೆ. ಮಣ್ಣು ತೆಗೆದು ಓದಿದಾಗ 6 ಕಲ್ಲುಗಳಲ್ಲಿ ಅಚ್ಚಾದ ಪಾಠದಲ್ಲಿಲ್ಲದ ಸಾಲುಗಳು ಸಿಕ್ಕವು. ಉಳಿದ 13 ಕಲ್ಲುಗಳು ನಾನು ನೋಡಿದ ಯಾವ ಸಂಪುಟದಲ್ಲೂ ಇಲ್ಲ. ಹಾಗಂತ ಅವನ್ನೂ ನಾನು ಕಂಡುಹಿಡಿದೆ ಅನ್ನಲಾರೆ. ಊರಿನವರು ಅವಕ್ಕೆ ತಲೆತಲಾಂತರದಿಂದ ಪೂಜೆ ಮಾಡಿಕೊಂಡು ಬಂದಿದ್ದಾರೆ.

ಕನ್ನಡದಲ್ಲಿ ನಾನು 'ದಾಖಲಿಸಿದ್ದೇನೆ' ಅಂತ ಬರೆದಿದ್ದೆ. ಮೊದಲ ಕರಡಿನಲ್ಲಿ 'ಡಾಕ್ಯುಮೆಂಟೆಡ್' ಅಂತಲೇ ಇತ್ತು. ಪಾಲಿಶ್ ಆದಮೇಲೆ 'ಡಿಸ್ಕವರ್ಡ್' ಆಗಿ, ಹಿಂದೊಂದು 'ಫಾರ್ ದ ಫಸ್ಟ್ ಟೈಮ್' ಕೂಡ ಸೇರಿತ್ತು. ನನಗೆ ಇನ್ನೂ ಬೇಜಾರು ಇರೋದು ಏನಂದ್ರೆ, ಇದರಿಂದ ನಿಜವಾದ ಕೆಲಸವೇ ಮುಚ್ಚಿಹೋಯಿತು. ಆ 6 ಕಲ್ಲುಗಳ ಹೊಸ ಸಾಲುಗಳೇ ನನ್ನ ಬಲ. ಉಬ್ಬಿಸಿದ ವಾಕ್ಯದಲ್ಲಿ ಅವುಗಳ ಸುದ್ದಿಯೇ ಇರಲಿಲ್ಲ.

ಎರಡನೇ ಪೆಟ್ಟು ಇನ್ನೂ ಜೋರಾಗಿ ಬಿತ್ತು. ಒಂದು ಲೇಖನವನ್ನು ಪತ್ರಿಕೆಗೆ ಕಳಿಸಿದ್ದೆ, ಉತ್ತರ ಬಂದಿರಲಿಲ್ಲ. ಪಾಲಿಶ್ ಆದ ಪ್ರತಿಯಲ್ಲಿ ಅದು 'ಫೋರ್ತ್‌ಕಮಿಂಗ್' ಆಗಿತ್ತು. ಕೇಳೋಕೆ ಸಣ್ಣ ವ್ಯತ್ಯಾಸ. ಆದರೆ ಆಯ್ಕೆ ಸಮಿತಿಯವರು 'ಫೋರ್ತ್‌ಕಮಿಂಗ್' ಅಂದರೆ ಪತ್ರಿಕೆ ಒಪ್ಪಿಕೊಂಡಿದೆ, ಅಚ್ಚಾಗುವುದಷ್ಟೇ ಬಾಕಿ ಅಂತ ಓದುತ್ತಾರೆ. ಬರೀ ಕಳಿಸಿದ್ದರೆ 'ಸಬ್ಮಿಟೆಡ್', ಪರಿಶೀಲಕರ ಕೈಯಲ್ಲಿದ್ದರೆ 'ಅಂಡರ್ ರಿವ್ಯೂ'. ಒಪ್ಪಿಗೆ ಪತ್ರ ತೋರಿಸಿ ಅಂದಾಗ ನನ್ನ ಹತ್ತಿರ ಕೊಡೋಕೆ ಏನೂ ಇರಲಿಲ್ಲ. ಅಲ್ಲಿಂದಾಚೆ ನಾನು ಏನು ಹೇಳಿದರೂ ಅವರಿಗೆ ಅನುಮಾನ. ಕೆಲಸ ಸಿಗಲಿಲ್ಲ.

ಮೂರನೆಯದು ನಮ್ಮ ಕನ್ನಡದ ಬರವಣಿಗೆಗೇ ಅಂಟಿಕೊಂಡಿರುವ ಅಪಾಯ. 'ಅಚ್ಚು ತೆಗೆಯಲಾಯಿತು' ಅಂತ ಬರೆಯುತ್ತೇವೆ. ತೆಗೆದವರು ಯಾರು ಅಂತ ಅಲ್ಲಿ ಕಾಣುವುದಿಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆದವರು ನನ್ನ ಸಹೋದ್ಯೋಗಿ. ಆ ಕೈಚಳಕ ನನಗಿಲ್ಲ. ಕೃತಜ್ಞತೆಯ ಸಾಲಿನಲ್ಲಿ ಅವರ ಹೆಸರಿತ್ತು. ಪಾಲಿಶ್ ಮಾಡಿದವರು ಆ ಸಾಲನ್ನು 'ಇಲ್ಲಿ ಬೇಕಿಲ್ಲ' ಅಂತ ತೆಗೆದು, ಉಳಿದ ಕಡೆಯೆಲ್ಲ 'ಐ' ಹಾಕಿದ್ದರು. ಸಹೋದ್ಯೋಗಿಯ ಶ್ರಮ ನನ್ನದಾಗಿಬಿಟ್ಟಿತ್ತು. ಅವರಿಗೆ ಫೋನ್ ಮಾಡಿ ಇದನ್ನು ಹೇಳೋದು ತುಂಬಾ ಕಷ್ಟವಾಯಿತು. ನಿಮ್ಮ ಕನ್ನಡದ ಪ್ರತಿಯಲ್ಲೇ ಪ್ರತಿ ಕೆಲಸದ ಮುಂದೆ ಮಾಡಿದವರು ಯಾರು ಅಂತ ಬರೆದುಕೊಡಿ. ಅನುವಾದಕರು ಊಹೆ ಮಾಡುವ ಹಾಗೆ ಬಿಡಬೇಡಿ.

ಹಾಗಂತ ಸಂಕೋಚಪಟ್ಟು ಬರೆಯಬೇಕು ಅಂತಲ್ಲ. 'ನನ್ನ ಅಲ್ಪ ಪ್ರಯತ್ನ', 'ಕೈಲಾದಷ್ಟು' ಅನ್ನೋದು ನಮ್ಮಲ್ಲಿ ಮರ್ಯಾದೆಯ ಮಾತು. ಇಂಗ್ಲಿಷಿಗೆ ಹಾಗೇ ಹೋದರೆ ಕೆಲಸವೇ ಅರೆಬರೆ ಅನ್ನಿಸುತ್ತದೆ. ಅಂಥವನ್ನು ಸುಮ್ನೆ ಬಿಟ್ಟುಬಿಡಿ. ಈಗಿನ ನನ್ನ ಸ್ಟೇಟ್‌ಮೆಂಟಿನ ಮುಖ್ಯ ವಾಕ್ಯ ಹೀಗಿದೆ: 34 ವೀರಗಲ್ಲುಗಳನ್ನು ದಾಖಲಿಸಿದ್ದೇನೆ, 21ರ ಪಾಠ ಮೊದಲೇ ಅಚ್ಚಾಗಿದೆ, ಅದರಲ್ಲಿ 6ಕ್ಕೆ ಹೊಸ ಸಾಲುಗಳನ್ನು ಸೇರಿಸಿದ್ದೇನೆ. ಯಾರು ಏನೇ ಕೇಳಿದರೂ ಕಲ್ಲಿನ ಫೋಟೊ ಮುಂದಿಡಬಲ್ಲೆ.

ಸಂಸ್ಥೆಗೆ ಕೊಡುವ ಮುಂಚೆ ಒಂದು ಷರತ್ತು ಬರವಣಿಗೆಯಲ್ಲೇ ಹಾಕಿ: ಒಪ್ಪಿಗೆ ಆದಮೇಲೆ ಏನೇ ಬದಲಿಸಿದರೂ ವರ್ಡ್ ಫೈಲಿನಲ್ಲಿ ಟ್ರ್ಯಾಕ್ ಚೇಂಜಸ್ ಆನ್ ಮಾಡಿಯೇ ಕಳಿಸಬೇಕು, ಬರೀ ಪಿಡಿಎಫ್ ಬೇಡ. ಬಂದಮೇಲೆ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಮೂಲ ನೋಡದ ಗೆಳೆಯರೊಬ್ಬರಿಗೆ ಕೊಟ್ಟು, ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಬಾಯಿಬಿಟ್ಟು ಹೇಳೋಕೆ ಹೇಳಿ. ನನ್ನ ಆ ಪಿಡಿಎಫನ್ನು ಆಮೇಲೆ ಗೆಳತಿಯೊಬ್ಬಳಿಗೆ ಕೊಟ್ಟೆ. ಮೊದಲ ಪ್ಯಾರಾದಲ್ಲೇ ನಿಲ್ಲಿಸಿ, "ಈ ಕಲ್ಲುಗಳನ್ನೆಲ್ಲ ನೀನೇ ಮೊದಲು ನೋಡಿದ್ದಾ?" ಅಂತ ಕೇಳಿದಳು.